ಕಾರ್ಡಿನ ನಂಬರು: ಓದುವುದು ಒಂದು ಕಡೆ, ಮುಚ್ಚುವುದು ಹಲವು ಕಡೆ

ಪ್ರಶ್ನೆ: ಸರ್, ನಮ್ಮ ಸದಸ್ಯರು ಗುರುತಿನ ಕಾರ್ಡಿನ ಎರಡೂ ಬದಿಯ ಫೋಟೊ ಮೊಬೈಲಿನಲ್ಲಿ ತೆಗೆದು ಕಳಿಸ್ತಾರೆ. ಅದರಿಂದ ಹೆಸರು, ಹುಟ್ಟಿದ ದಿನ, ಕಾರ್ಡ್ ನಂಬರು ತೆಗೆದು ದಾಖಲೆಗೆ ಹಾಕಬೇಕು. ಚಿತ್ರವನ್ನೂ ಇಟ್ಟುಕೊಳ್ಳಬೇಕು, ಆದ್ರೆ ನಂಬರಿನ ಕೊನೆಯ ನಾಲ್ಕು ಅಂಕಿ ಬಿಟ್ಟು ಉಳಿದದ್ದು ಯಾರಿಗೂ ಕಾಣಬಾರದು. ಚಿತ್ರದಿಂದ ಅಕ್ಷರ ಓದುವ ಒಸಿಆರ್ ಹಾಕಿ ನೋಡಿದೆ. ಒಮ್ಮೆ ಸರಿ ಬರುತ್ತೆ, ಇನ್ನೊಮ್ಮೆ 8 ಹೋಗಿ B ಆಗಿರುತ್ತೆ. ಕಾರ್ಡಿನ ಹಿಂದೆ < ಚಿಹ್ನೆಗಳು ತುಂಬಿದ ಮೂರು ಸಾಲು ಇವೆ, ಅದು ಏನು ಅಂತ ಗೊತ್ತಾಗಲಿಲ್ಲ. ಮತ್ತೆ, ಮುಚ್ಚೋಕೆ ಬ್ಲರ್ ಮಾಡಿದ್ರೆ ಸಾಕಾ?

ಉತ್ತರ: ಬ್ಲರ್ ಸಾಲದು. ಕಾರಣ ಆಮೇಲೆ ಹೇಳುತ್ತೇನೆ. 8 ಹೋಗಿ B ಆಗುವ ರೋಗಕ್ಕೆ ಮದ್ದು ಮಾತ್ರ ನಿಮ್ಮ ಕೈಯಲ್ಲೇ ಇದೆ. ನಿಮಗೆ ಅರ್ಥವಾಗದ ಆ ಮೂರು ಸಾಲುಗಳೇ ಮದ್ದು.

ಅದನ್ನು ಎಂಆರ್‌ಜಡ್ ಅನ್ನುತ್ತಾರೆ, ಅಂದರೆ ಯಂತ್ರ ಓದಲೆಂದೇ ಅಚ್ಚು ಹಾಕಿದ ಜಾಗ. ಪಾಸ್‌ಪೋರ್ಟಿನ ಕೆಳಗೆ ಎರಡು ಸಾಲು ನೋಡಿರುತ್ತೀರಿ, ಅದೇ ಜಾತಿ. ಇದರ ನಿಯಮ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯಾದ ಐಸಿಎಒದ 9303 ಎಂಬ ದಾಖಲೆಯಲ್ಲಿದೆ. ಕಾರ್ಡಿನ ಅಳತೆಗೆ ಮೂರು ಸಾಲು, ಸಾಲಿಗೆ 30 ಅಕ್ಷರ. ಅಲ್ಲಿ ಬರುವುದು A ಇಂದ Z, 0 ಇಂದ 9, ಮತ್ತು ಖಾಲಿ ಜಾಗ ತುಂಬುವ <, ಇಷ್ಟೇ. ಆ ದಾಖಲೆಯಲ್ಲಿ ಯುಟೋಪಿಯಾ ಎಂಬ ಇಲ್ಲದ ದೇಶದ ಒಂದು ಮಾದರಿ ಕಾರ್ಡಿದೆ. ನಿಜವಾದ ಯಾರ ನಂಬರೂ ಬೇಡ, ಅದನ್ನೇ ಇಟ್ಟುಕೊಂಡು ನೋಡೋಣ:

```
I<UTOD231458907<<<<<<<<<<<<<<<
7408122F1204159UTO<<<<<<<<<<<6
ERIKSSON<<ANNA<MARIA<<<<<<<<<<
```

ಮೊದಲ ಸಾಲಿನ ಮೊದಲ ಐದು ಅಕ್ಷರ ಕಾರ್ಡಿನ ಬಗೆ ಮತ್ತು ದೇಶ. ಆರರಿಂದ ಹದಿನಾಲ್ಕರವರೆಗೆ ಕಾರ್ಡ್ ನಂಬರು: D23145890. ಅದರ ಪಕ್ಕದ 7 ನಂಬರಿಗೆ ಸೇರಿದ್ದಲ್ಲ, ಅದು ಚೆಕ್ ಡಿಜಿಟ್. ನಂಬರು ಸರಿಯಾಗಿ ಓದಿದ್ದೀರಾ ಅಂತ ತಾಳೆ ನೋಡುವ ಅಂಕಿ. ಎರಡನೇ ಸಾಲು 740812 ಎಂಬ ಹುಟ್ಟಿದ ದಿನದಿಂದ ಶುರು, ವರ್ಷ–ತಿಂಗಳು–ದಿನದ ಕ್ರಮದಲ್ಲಿ. ಅದರ ಪಕ್ಕದ 2 ಮತ್ತೆ ಚೆಕ್ ಡಿಜಿಟ್. ಸಾಲಿನ ಕೊನೆಯ 6 ಎರಡೂ ಸಾಲುಗಳಿಗೆ ಸೇರಿದ ಒಟ್ಟು ಚೆಕ್ ಡಿಜಿಟ್. ಮೂರನೇ ಸಾಲು ಹೆಸರು. ಮೊದಲು ಮನೆತನದ ಹೆಸರು, ಎರಡು < ಆದ ಮೇಲೆ ಉಳಿದದ್ದು.

ಲೆಕ್ಕ ಬಹಳ ಸುಲಭ. ಪ್ರತಿ ಅಕ್ಷರಕ್ಕೂ ಒಂದು ಬೆಲೆ: ಅಂಕಿಗೆ ಅದೇ ಅಂಕಿ, Aಗೆ 10, Bಗೆ 11, ಹೀಗೇ Zಗೆ 35, < ಗೆ ಸೊನ್ನೆ. ಇವನ್ನು ಎಡದಿಂದ 7, 3, 1, ಮತ್ತೆ 7, 3, 1 ಅಂತ ಗುಣಿಸುತ್ತಾ ಹೋಗಿ ಕೂಡಿಸಬೇಕು. ಮೊತ್ತದ ಕೊನೆಯ ಅಂಕಿಯೇ ಚೆಕ್ ಡಿಜಿಟ್.

```python
def check_digit(s):
    total = 0
    for i, ch in enumerate(s):
        v = 0 if ch == "<" else int(ch, 36)
        total += v * (7, 3, 1)[i % 3]
    return total % 10
```

D23145890ಗೆ ಕೈಯಲ್ಲೇ ಮಾಡಿ ನೋಡಿ. D ಅಂದರೆ 13, ಏಳರಿಂದ ಗುಣಿಸಿದರೆ 91. ಮುಂದೆ 6, 3, 7, 12, 5, 56, 27, 0. ಒಟ್ಟು 207. ಕೊನೆಯ ಅಂಕಿ 7, ಕಾರ್ಡಿನಲ್ಲೂ 7. ಸರಿಹೋಯಿತು. ಈಗ ನಿಮ್ಮ ಒಸಿಆರ್ ಇಲ್ಲಿರುವ 8 ಅನ್ನು B ಅಂತ ಓದಿತು ಅಂದುಕೊಳ್ಳಿ. 56 ಇದ್ದ ಜಾಗದಲ್ಲಿ 11 ಸಲ 7, ಅಂದರೆ 77 ಬರುತ್ತದೆ. ಒಟ್ಟು 228 ಆಯಿತು, ಕೊನೆಯ ಅಂಕಿ 8. ಕಾರ್ಡು 7 ಅನ್ನುತ್ತಿದೆ. ತಪ್ಪು ಅಲ್ಲೇ ಸಿಕ್ಕಿಬಿತ್ತು.

0 ಮತ್ತು O, 1 ಮತ್ತು I, 5 ಮತ್ತು S, 2 ಮತ್ತು Z, ಇವೆಲ್ಲ ಒಂದೇ ಒಂದು ಕಡೆ ಅದಲುಬದಲಾಗಿದ್ದರೂ ಈ ಲೆಕ್ಕ ಹಿಡಿಯುತ್ತದೆ. ಆದರೆ ಎರಡು ಕಳ್ಳದಾರಿ ಉಂಟು. G ಬೆಲೆ 16, ಕೊನೆಯ ಅಂಕಿ 6. ಹಾಗಾಗಿ 6 ಇದ್ದದ್ದು G ಆದರೆ ಲೆಕ್ಕ ಕೆಡುವುದೇ ಇಲ್ಲ. L ಬೆಲೆ 21, ಅದೂ 1ರ ಜೊತೆ ಹಾಗೇ. ಇವೆರಡೂ ನೋಡಲು ಹತ್ತಿರದ ಜೋಡಿಗಳೇ, ಅದೇ ತೊಂದರೆ. ಇದಕ್ಕೆ ಎರಡನೇ ಸಾಕ್ಷಿ ಬೇಕು. ಕಾರ್ಡಿನ ಮುಂಬದಿಯಲ್ಲಿ ಅದೇ ನಂಬರು ಬೇರೆ ಅಕ್ಷರಶೈಲಿಯಲ್ಲಿ ಅಚ್ಚಾಗಿರುತ್ತದೆ. ಅಕ್ಷರಶೈಲಿ ಬೇರೆ ಆದ್ದರಿಂದ ಒಸಿಆರ್ ಅಲ್ಲಿ ಮಾಡುವ ತಪ್ಪೂ ಸಾಮಾನ್ಯವಾಗಿ ಬೇರೆಯೇ. ಎರಡೂ ಕಡೆ ಒಂದೇ ನಂಬರು ಬಂದು, ಚೆಕ್ ಡಿಜಿಟ್ ಕೂಡ ಕೂಡಿದರೆ ಒಪ್ಪಿಕೊಳ್ಳಿ. ಇಲ್ಲದಿದ್ದರೆ ಮನುಷ್ಯರ ಕಣ್ಣಿಗೆ ಕಳಿಸಿ.

ಇಲ್ಲಿ ಒಂದು ಆಸೆ ಹುಟ್ಟುತ್ತದೆ. ಲೆಕ್ಕ ಕೂಡಲಿಲ್ಲವಾ, ಒಂದೊಂದೇ ಅಕ್ಷರ ಬದಲಿಸಿ ಕೂಡುವ ತನಕ ನೋಡೋಣ ಅಂತ. ದಯವಿಟ್ಟು ನಂಬರಿನಲ್ಲಿ ಹಾಗೆ ಮಾಡಬೇಡಿ. ಚೆಕ್ ಡಿಜಿಟ್ ಇರುವುದೇ ಹತ್ತು ಬಗೆ. ಸುಮ್ನೆ ಮನಸ್ಸಿಗೆ ಬಂದ ನಂಬರು ಕೊಟ್ಟರೂ ಸುಮಾರು ಹತ್ತರಲ್ಲಿ ಒಂದು ಪಾಸಾಗುತ್ತದೆ. ನೀವು ಹತ್ತಾರು ಬದಲಾವಣೆ ಪ್ರಯತ್ನಿಸಿದರೆ ಯಾವುದೋ ಒಂದು ತಪ್ಪು ನಂಬರು ಸರಿಯಾದ ವೇಷ ಹಾಕಿಕೊಂಡು ಒಳಗೆ ಬರುತ್ತದೆ. ತಪ್ಪು ಓದಿದ್ದೇವೆ ಅಂತ ಗೊತ್ತಿರುವುದಕ್ಕಿಂತ ಇದು ಕೆಟ್ಟದ್ದು. ದಿನಾಂಕದ ಜಾಗದಲ್ಲಿ ಮಾತ್ರ ತಿದ್ದಬಹುದು, ಯಾಕೆಂದರೆ ಅಲ್ಲಿ ಅಕ್ಷರ ಬರುವಂತೆಯೇ ಇಲ್ಲ. O ಕಂಡರೆ ಅದು 0, B ಕಂಡರೆ 8. ತಿದ್ದಿದ ಮೇಲೆ ಚೆಕ್ ಡಿಜಿಟ್ ನೋಡಿದರೆ ಆಯಿತು.

ಹುಟ್ಟಿದ ದಿನದಲ್ಲಿ ಇನ್ನೊಂದು ತೊಡಕಿದೆ. ವರ್ಷಕ್ಕೆ ಎರಡೇ ಅಂಕಿ. 74 ಅಂದರೆ 1974 ಅಂತ ಸುಲಭವಾಗಿ ಹೇಳಬಹುದು, 2074ರಲ್ಲಿ ಇನ್ನೂ ಯಾರೂ ಹುಟ್ಟಿಲ್ಲವಲ್ಲ. ಆದರೆ 12 ಬಂದರೆ ಅದು 1912 ಇರಬಹುದು, 2012 ಕೂಡ ಇರಬಹುದು. ಮುಂಬದಿಯಲ್ಲಿ ಪೂರ್ತಿ ವರ್ಷ ಇರುತ್ತದೆ, ಶತಮಾನವನ್ನು ಅಲ್ಲಿಂದ ತೆಗೆದುಕೊಳ್ಳಿ. ಮುಂಬದಿಗೆ ತನ್ನದೇ ರೋಗ ಬೇರೆ: 08.12 ಅಂದರೆ ಎಂಟನೇ ತಾರೀಕಾ, ಎಂಟನೇ ತಿಂಗಳಾ? ಅದನ್ನು ಹಿಂಬದಿ ಹೇಳುತ್ತದೆ. ಹೀಗೆ ಒಂದರ ಕೊರತೆ ಇನ್ನೊಂದು ತುಂಬುತ್ತದೆ. ಕೆಲವರ ಕಾರ್ಡಿನಲ್ಲಿ ತಿಂಗಳು ಅಥವಾ ದಿನದ ಜಾಗದಲ್ಲಿ << ಇರುತ್ತದೆ. ಅದು ಒಸಿಆರ್ ತಪ್ಪಲ್ಲ. ದಿನ ಗೊತ್ತಿಲ್ಲದವರಿಗೆ ಹಾಗೇ ಬರೆಯುವುದು ನಿಯಮ. ನಿಮ್ಮ ದಾಖಲೆಯ ಕಾಲಂ ಅದನ್ನು ತಾಳಿಕೊಳ್ಳುವಂತಿರಲಿ. 01–01 ಅಂತ ನೀವೇ ತುಂಬಬೇಡಿ.

ಹೆಸರಿಗೆ ಚೆಕ್ ಡಿಜಿಟ್ ಇಲ್ಲ. ಜೊತೆಗೆ ಎಂಆರ್‌ಜಡ್‌ನಲ್ಲಿ ಇರುವುದು ಹೆಸರಿನ ಸಾರ ಅಷ್ಟೇ. 30 ಅಕ್ಷರ ಮೀರಿದರೆ ಕತ್ತರಿಸಿರುತ್ತಾರೆ, ಅಪಾಸ್ಟ್ರಫಿ ಬಿಟ್ಟಿರುತ್ತಾರೆ, ಬೇರೆ ಲಿಪಿಯಾದರೆ ರೋಮನ್‌ಗೆ ಇಳಿಸಿರುತ್ತಾರೆ. ಆದ್ದರಿಂದ ಹೆಸರನ್ನು ಮುಂಬದಿಯಿಂದ ತೆಗೆದು, ಹಿಂಬದಿಯದರ ಜೊತೆ ಹೋಲಿಸಿ ಮಾತ್ರ ನೋಡಿ. ಪೂರ್ತಿ ಒಂದೇ ಇರಬೇಕು ಅಂತ ಹಟ ಹಿಡಿಯಬೇಡಿ.

ಇದೆಲ್ಲಕ್ಕೂ ಮೊದಲು ಫೋಟೊ ನೇರವಾಗಬೇಕು. ಕಾರ್ಡಿನ ನಾಲ್ಕು ಮೂಲೆ ಹುಡುಕಿ, ಅದನ್ನು ಒಂದು ಗೊತ್ತಾದ ಅಳತೆಗೆ ಎಳೆದು ಕೂರಿಸಿ. ಈ ಕಾರ್ಡುಗಳ ಅಳತೆ ಎಲ್ಲ ಕಡೆ ಒಂದೇ, 85.60 ಸಲ 53.98 ಮಿಲಿಮೀಟರ್. ನಾನು ಮಿಲಿಮೀಟರಿಗೆ 20 ಪಿಕ್ಸೆಲ್ ಇಟ್ಟುಕೊಳ್ಳುತ್ತೇನೆ, ಆಗ ಚಿತ್ರ 1712 ಸಲ 1080 ಆಗುತ್ತದೆ. ಎಂಆರ್‌ಜಡ್ ಅಕ್ಷರಗಳ ನಡುವಿನ ದೂರ 2.54 ಮಿಲಿಮೀಟರ್, ಅಂದರೆ ಒಂದೊಂದು ಅಕ್ಷರಕ್ಕೆ ಸುಮಾರು 51 ಪಿಕ್ಸೆಲ್ ಸಿಗುತ್ತದೆ. ಒಸಿಆರ್‌ಗೆ ಧಾರಾಳ ಆಯಿತು. ಆದರೆ ಮೂಲ ಫೋಟೊದಲ್ಲಿ ಕಾರ್ಡು 600 ಪಿಕ್ಸೆಲ್ ಅಗಲ ಮಾತ್ರ ಇದ್ದರೆ ಅಕ್ಷರಕ್ಕೆ ಸಿಕ್ಕಿದ್ದು 18 ಪಿಕ್ಸೆಲ್ ಅಷ್ಟೇ. ಅದನ್ನು ಹಿಗ್ಗಿಸಿದರೆ ಚಿತ್ರ ದೊಡ್ಡದಾಗುತ್ತದೆ, ಹೊಸ ವಿವರ ಹುಟ್ಟುವುದಿಲ್ಲ. ಹೊಳಪು ಬಿದ್ದು ಬೆಳ್ಳಗಾದ ಜಾಗವೂ ಹಾಗೇ, ಅಲ್ಲಿ ಓದಲು ಏನೂ ಉಳಿದಿರುವುದಿಲ್ಲ. ಇನ್ನೊಂದು ಫೋಟೊ ಕೇಳಿ.

ಈಗ ಮುಚ್ಚುವ ಮಾತು. ಬ್ಲರ್ ಯಾಕೆ ಬೇಡ ಅಂದೆ ಅಂದರೆ, ಮುಚ್ಚುತ್ತಿರುವುದು ಅಂಕಿಗಳನ್ನು. ಒಂದು ಜಾಗದಲ್ಲಿ ಇರಬಹುದಾದ್ದು ಹತ್ತೇ ಆಕಾರ, ಅಕ್ಷರಶೈಲಿಯೂ ಗೊತ್ತು. 0 ಇಂದ 9ರವರೆಗೆ ತಾವೇ ಬರೆದು, ಅದೇ ಥರ ಬ್ಲರ್ ಮಾಡಿ, ಯಾವುದು ಜಾಸ್ತಿ ಹೋಲುತ್ತದೆ ಅಂತ ನೋಡಿದರೆ ಮುಗಿಯಿತು. ಚೌಕಚೌಕವಾಗಿ ಮಸುಕು ಮಾಡುವ ಮೊಸಾಯಿಕ್‌ಗೂ ಇದೇ ಗತಿ. ಪಿಕ್ಸೆಲ್‌ಗಳನ್ನು ಅಳಿಸಿ ಗಟ್ಟಿ ಕಪ್ಪು ತುಂಬಬೇಕು. ಅದೂ ಚಿತ್ರದ ಒಳಗೇ. ಪಿಡಿಎಫ್‌ನಲ್ಲಿ ಮೇಲೊಂದು ಕಪ್ಪು ಪಟ್ಟಿ ಇಟ್ಟರೆ ಅದನ್ನು ಎತ್ತಿ ಪಕ್ಕಕ್ಕಿಡಬಹುದು.

ಕಪ್ಪು ಎಲ್ಲಿ ಬೀಳುತ್ತದೆ ಅನ್ನುವುದರಲ್ಲಿ ನಾನೇ ಒಮ್ಮೆ ಮುಗ್ಗರಿಸಿದ್ದೇನೆ. ಟೆಸರಾಕ್ಟ್ ಒಸಿಆರ್‌ನಲ್ಲಿ ಅಕ್ಷರಗಳ ಜಾಗ ಕೇಳಲು `image_to_boxes` ಬಳಸಿದ್ದೆ. ನಂಬರು ಸರಿಯಾಗಿ ಓದಿತ್ತು, ಕಪ್ಪು ಪಟ್ಟಿಯೂ ಬಿದ್ದಿತ್ತು. ಆದರೆ ಪಟ್ಟಿ ಬಿದ್ದದ್ದು ಕಾರ್ಡಿನ ತಲೆಬರಹದ ಮೇಲೆ, ನಂಬರು ಕೆಳಗೆ ಹಲ್ಲು ಕಿರಿಯುತ್ತಿತ್ತು! ಕಾರಣ ಇಷ್ಟೇ: ಅದು ಎತ್ತರವನ್ನು ಚಿತ್ರದ ತಳದಿಂದ ಎಣಿಸುತ್ತದೆ, ಕಪ್ಪು ಬಳಿಯುವ ಚಿತ್ರ ಲೈಬ್ರರಿ ಓಪನ್‌ಸಿವಿ ಮೇಲಿನಿಂದ ಎಣಿಸುತ್ತದೆ. `image_to_data` ಬಳಸಿದರೆ ಈ ಗೋಜಿಲ್ಲ, ಅದೂ ಮೇಲಿನಿಂದಲೇ ಎಣಿಸುತ್ತದೆ. ಇದರ ಅಣ್ಣ ಇನ್ನೊಬ್ಬನಿದ್ದಾನೆ. ಮೊಬೈಲ್ ಫೋಟೊಗಳಲ್ಲಿ "ಇದನ್ನು ತಿರುಗಿಸಿ ತೋರಿಸು" ಎಂಬ ಸೂಚನೆ ಫೈಲಿನ ಒಳಗೇ ಅಡಗಿರುವ ಎಕ್ಸಿಫ್ ಮಾಹಿತಿಯಲ್ಲಿ ಕೂತಿರುತ್ತದೆ. ಓಪನ್‌ಸಿವಿಯ `cv2.imread` ಮಾಮೂಲಾಗಿ ಅದನ್ನು ಪಾಲಿಸುತ್ತದೆ. ಪೈಥಾನಿನ ಇನ್ನೊಂದು ಚಿತ್ರ ಲೈಬ್ರರಿ ಪಿಲ್ಲೋ ಪಾಲಿಸುವುದಿಲ್ಲ, `ImageOps.exif_transpose` ಅಂತ ನೀವೇ ಹೇಳಬೇಕು. ಒಂದರಲ್ಲಿ ಓದಿ ಇನ್ನೊಂದರಲ್ಲಿ ಮುಚ್ಚಿದರೆ ಪಟ್ಟಿ ಎಲ್ಲೋ, ನಂಬರು ಎಲ್ಲೋ. ಆದ್ದರಿಂದ ಮೂಲ ಫೋಟೊದ ಮೇಲೆ ಮುಚ್ಚುವ ಗೋಜಿಗೇ ಹೋಗಬೇಡಿ. ನೇರ ಮಾಡಿದ 1712 ಸಲ 1080ರ ಚಿತ್ರದಲ್ಲೇ ಓದಿ, ಅದರಲ್ಲೇ ಮುಚ್ಚಿ, ಅದನ್ನೇ ಉಳಿಸಿ. ಮೂಲವನ್ನು ಅಳಿಸಿಬಿಡಿ.

ಮುಂಬದಿಯ ನಂಬರಿನಲ್ಲಿ ಐದು ಅಕ್ಷರ ಮಾತ್ರ ಮುಚ್ಚಿ ನಾಲ್ಕು ಬಿಡುವುದು ಅಂದುಕೊಂಡಷ್ಟು ಸಲೀಸಲ್ಲ. ಒಸಿಆರ್ ಕೊಡುವ ಅಕ್ಷರದ ಗಡಿ ಆಚೀಚೆ ಆಗುತ್ತದೆ, ಮುಚ್ಚಬೇಕಾದ ಅಂಕಿಯ ಅರ್ಧ ಹೊರಗೆ ಉಳಿಯುತ್ತದೆ. ನಾನು ಮಾಡುವುದು ಹೀಗೆ: ಇಡೀ ನಂಬರನ್ನು ಕಪ್ಪು ಮಾಡಿ, ಸುತ್ತ ಅರ್ಧ ಅಕ್ಷರದಷ್ಟು ಹೆಚ್ಚೇ ಮುಚ್ಚಿ, ಅದರ ಮೇಲೆ ಕೊನೆಯ ನಾಲ್ಕನ್ನು ನಾನೇ ಬರೆಯುತ್ತೇನೆ.

```python
cv2.rectangle(img, (x1 - p, y1 - p), (x2 + p, y2 + p), (0, 0, 0), -1)
cv2.putText(img, "*****" + number[-4:], (x1, y2),
            cv2.FONT_HERSHEY_SIMPLEX, 1.2, (255, 255, 255), 2)
```

ಆ `-1` ಮರೆಯಬೇಡಿ. ಅದಿಲ್ಲದಿದ್ದರೆ ಬರೀ ಚೌಕಟ್ಟು ಬೀಳುತ್ತದೆ, ನಂಬರು ಫ್ರೇಮ್ ಹಾಕಿಸಿಕೊಂಡು ಕೂರುತ್ತದೆ.

ಮುಂಬದಿ ಮುಚ್ಚಿ ಕೈ ತೊಳೆದುಕೊಳ್ಳುವವರೇ ಜಾಸ್ತಿ. ಅದೇ ನಂಬರು ಹಿಂಬದಿಯ ಎಂಆರ್‌ಜಡ್‌ನಲ್ಲಿ ಪೂರ್ತಿ ಇದೆಯಲ್ಲ! ಅಲ್ಲಿಯೂ ಐದು ಅಕ್ಷರ ಮಾತ್ರ ಮುಚ್ಚಿದರೆ ಚೆಕ್ ಡಿಜಿಟ್ ಕೆಲಸ ಕೆಡಿಸುತ್ತದೆ. ಒಂದೇ ಒಂದು ಅಂಕಿ ಮುಚ್ಚಿದ್ದರೆ ಅದನ್ನು ಲೆಕ್ಕ ಹಾಕಿಯೇ ಹೇಳಬಹುದು. ಐದು ಮುಚ್ಚಿದ್ದರೂ ಇರಬಹುದಾದ ನಂಬರುಗಳು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತವೆ. ಓದುವಾಗ ನೆಂಟನಾಗಿದ್ದ ಅಂಕಿ ಮುಚ್ಚುವಾಗ ಚಾಡಿಕೋರ. ಇನ್ನೂ ಒಂದಿದೆ. ಮೊದಲ ಸಾಲಿನ 16ರಿಂದ 30ರವರೆಗಿನ ಜಾಗ ಕಾರ್ಡು ಕೊಟ್ಟ ದೇಶಕ್ಕೆ ಬಿಟ್ಟದ್ದು. ಮಾದರಿ ಕಾರ್ಡಿನಲ್ಲಿ ಅದು ಖಾಲಿ. ಎಷ್ಟೋ ಕಾರ್ಡುಗಳಲ್ಲಿ ಜೀವನಪೂರ್ತಿ ಬದಲಾಗದ ವೈಯಕ್ತಿಕ ನಂಬರು ಅಲ್ಲೇ ಇರುತ್ತದೆ. ನಂಬರು ಒಂಬತ್ತು ಅಕ್ಷರಕ್ಕಿಂತ ಉದ್ದ ಇದ್ದರೆ ಮಿಕ್ಕಿದ್ದೂ ಅಲ್ಲಿಗೇ ಹರಿಯುತ್ತದೆ, ಆಗ 15ನೇ ಜಾಗದಲ್ಲಿ ಚೆಕ್ ಡಿಜಿಟ್ ಬದಲು < ಇರುತ್ತದೆ. ಇಷ್ಟೆಲ್ಲ ಅಳೆದು ಸುರಿದು ಮುಚ್ಚುವ ಬದಲು ಉಳಿಸುವ ಚಿತ್ರದಲ್ಲಿ ಮೂರೂ ಸಾಲು ಪೂರ್ತಿ ಕಪ್ಪು ಮಾಡಿ. ಬೇಕಾದ್ದನ್ನು ಆಗಲೇ ಓದಿಕೊಂಡಿದ್ದೀರಿ, ಆ ಸಾಲುಗಳಿಂದ ಮನುಷ್ಯರಿಗೆ ಏನೂ ಆಗಬೇಕಿಲ್ಲ. ಬಾರ್‌ಕೋಡ್ ಅಥವಾ ಕ್ಯೂಆರ್ ಇದ್ದರೆ ಅದೂ ಪೂರ್ತಿ ಕಪ್ಪು.

ಎಂಆರ್‌ಜಡ್ ಇಲ್ಲದ ಕಾರ್ಡೂ ನಿಮಗೆ ಬರಬಹುದು. ಆಗ ನಂಬರಿಗೇ ತನ್ನದೊಂದು ತಾಳೆ ಲೆಕ್ಕ ಇದೆಯಾ ನೋಡಿ. ಆಧಾರ್‌ನ 12 ಅಂಕಿಗಳಲ್ಲಿ ಕೊನೆಯದು ವೆರ್‌ಹಾಫ್ ಲೆಕ್ಕದ ಚೆಕ್ ಡಿಜಿಟ್. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಅದು ಹಿಡಿಯುತ್ತದೆ. 7–3–1 ಲೆಕ್ಕಕ್ಕೆ ಅದು ಎಲ್ಲ ಸಲ ಆಗುವುದಿಲ್ಲ, 1 ಮತ್ತು 6ರ ಹಾಗೆ ಐದರ ಅಂತರ ಇರುವ ಅಂಕಿಗಳು ಜಾಗ ಬದಲಿಸಿದರೆ ಗೊತ್ತೇ ಆಗುವುದಿಲ್ಲ. ಅಲ್ಲಿ ತೋರಿಸಬಹುದಾದ ಕೊನೆಯ ನಾಲ್ಕರಲ್ಲೇ ಚೆಕ್ ಡಿಜಿಟ್ ಸೇರಿದೆ ಅನ್ನುವುದು ನೆನಪಿರಲಿ. ಎಂಟು ಅಂಕಿ ಮುಚ್ಚಿರುವುದರಿಂದ ಅದರಿಂದ ದೊಡ್ಡ ಸುಳಿವೇನೂ ಸಿಗುವುದಿಲ್ಲ.

ನಂಬರು ಉಳಿದುಬಿಡುವ, ಕಣ್ಣಿಗೆ ಕಾಣದ ಇನ್ನೊಂದು ಜಾಗ ಅಂದರೆ ಥಂಬ್‌ನೇಲ್. ಮೊಬೈಲಿನ ಫೋಟೊ ಫೈಲಿನ ಒಳಗೆ ಎಕ್ಸಿಫ್‌ನಲ್ಲಿ ಅದೇ ಚಿತ್ರದ ಚಿಕ್ಕ ಪ್ರತಿ ಇರುತ್ತದೆ. ದೊಡ್ಡ ಚಿತ್ರ ಮುಚ್ಚಿ, ಎಕ್ಸಿಫ್ ಹಾಗೇ ಹೊಸ ಫೈಲಿಗೆ ನಕಲು ಮಾಡಿದರೆ ಮುಚ್ಚದ ಚಿಕ್ಕ ಪ್ರತಿಯೂ ಜೊತೆಗೆ ಹೋಗುತ್ತದೆ. `cv2.imwrite` ಮೂಲದ ಎಕ್ಸಿಫ್ ತರುವುದಿಲ್ಲ, ಹಾಗಾಗಿ ಅದರಿಂದ ಹೊಸ ಹೆಸರಿಗೆ ಬರೆದರೆ ಸಾಕು. ಹಳೆಯ ಫೈಲಿನ ಮೇಲೇ ಬರೆಯಬೇಡಿ ಅನ್ನುವುದಕ್ಕೂ ಕಾರಣವಿದೆ. 2023ರಲ್ಲಿ aCropalypse ಎಂಬ ಹೆಸರಿನ ದೋಷ ಬಯಲಾಯಿತು. ಪಿಕ್ಸೆಲ್ ಫೋನುಗಳ ಸ್ಕ್ರೀನ್‌ಶಾಟ್ ತಿದ್ದುವ ಆ್ಯಪ್ ಹೊಸ ಚಿಕ್ಕ ಫೈಲನ್ನು ಹಳೆಯ ದೊಡ್ಡದರ ಮೇಲೆ ಬರೆದು, ಬಾಲವನ್ನು ಕತ್ತರಿಸದೆ ಬಿಟ್ಟಿತ್ತು. ಆ ಬಾಲದಿಂದ ಹಳೆಯ ಚಿತ್ರದ ಭಾಗ ಮತ್ತೆ ಎಬ್ಬಿಸಬಹುದಿತ್ತು.

ಇನ್ನು ಪಠ್ಯ. ಚಿತ್ರ ಮುಚ್ಚಿ, ಒಸಿಆರ್ ಓದಿದ್ದನ್ನೆಲ್ಲ ಲಾಗ್ ಫೈಲಿಗೆ ಸುರಿದರೆ ಏನು ಬಂತು? ಚೆಕ್ ಡಿಜಿಟ್ ಕೂಡದಾಗ "D23145B90 ತಪ್ಪು" ಅಂತ ದೋಷ ಸಂದೇಶ ಬರೆಯುವುದು ಎಲ್ಲರೂ ಮಾಡುವ ತಪ್ಪು. ಒಂದು ಅಕ್ಷರ ಬಿಟ್ಟು ಉಳಿದ ನಂಬರು ಅಲ್ಲೇ ಇದೆ ಅಲ್ವಾ? "15ನೇ ಜಾಗದ ಲೆಕ್ಕ ಕೂಡಲಿಲ್ಲ" ಅಂದರೆ ಸಾಕು.

ಒಬ್ಬರೇ ಎರಡು ಸಲ ಬಂದಿದ್ದಾರಾ ಅಂತ ನೋಡಲು ನಂಬರಿನ ಬದಲು ಅದರಿಂದ ಲೆಕ್ಕ ಹಾಕಿ ಪಡೆದ ಗುರುತು, ಅಂದರೆ ಹ್ಯಾಶ್, ಇಟ್ಟುಕೊಳ್ಳುವ ಯೋಚನೆ ನಿಮಗೂ ಬರುತ್ತದೆ. ಬರೀ ಎಸ್‌ಎಚ್‌ಎ-256 ಆದರೆ ಅದು ಮುಚ್ಚಿದಂತಲ್ಲ. ನಮ್ಮ ಮಾದರಿ ನಂಬರಿನಲ್ಲಿ ಮುಚ್ಚಿದ್ದು ಒಂದು ಅಕ್ಷರ, ನಾಲ್ಕು ಅಂಕಿ. 26 ಸಲ 10,000, ಅಂದರೆ 2,60,000 ಸಾಧ್ಯತೆ. ಕೊನೆಯ ನಾಲ್ಕು ಪಕ್ಕದಲ್ಲೇ ಬರೆದಿಟ್ಟಿದ್ದೀರಿ. ಇಷ್ಟನ್ನು ಸಾಮಾನ್ಯ ಲ್ಯಾಪ್‌ಟಾಪ್ ಕಣ್ಣು ಮಿಟುಕಿಸುವುದರೊಳಗೆ ಪ್ರಯತ್ನಿಸಿ ಮುಗಿಸುತ್ತದೆ. ಗುಪ್ತ ಕೀಲಿ ಬೆರೆಸಿ ಹ್ಯಾಶ್ ಮಾಡುವ ಎಚ್‌ಮ್ಯಾಕ್ ಬಳಸಿ, ಆ ಕೀಲಿ ದಾಖಲೆ ಇರುವ ಡೇಟಾಬೇಸಿನಲ್ಲಿ ಇರದೆ ಬೇರೆ ಕಡೆ ಇರಲಿ.

ಕೊನೆಗೆ ಒಂದು ಪರೀಕ್ಷೆ, ಇದನ್ನು ಪ್ರತಿ ಕಾರ್ಡಿಗೂ ಮಾಡಿ. ಉಳಿಸಿದ ಫೈಲನ್ನು ಡಿಸ್ಕಿನಿಂದ ಹೊಸದಾಗಿ ತೆರೆದು ಮತ್ತೆ ಒಸಿಆರ್ ಹಾಕಿ, ನಾಲ್ಕೂ ದಿಕ್ಕಿಗೆ ತಿರುಗಿಸಿ ನೋಡಿ. ಮುಚ್ಚಿರಬೇಕಾದ ಐದು ಅಕ್ಷರ ಸಾಲಾಗಿ ಎಲ್ಲಾದರೂ ಸಿಕ್ಕರೆ ಆ ಫೈಲನ್ನು ಅಳಿಸಿ. ಬಾರ್‌ಕೋಡ್ ಓದುವ ಸಾಧನಕ್ಕೂ ಒಮ್ಮೆ ಕೊಡಿ, ಅದಕ್ಕೆ ಏನೂ ಸಿಗಬಾರದು. ಮುಂಬದಿಯಲ್ಲಿ ನಂಬರು ಎಲ್ಲಿದೆ ಅಂತಲೇ ಪತ್ತೆಯಾಗದಿದ್ದರೆ ಚಿತ್ರ ಉಳಿಸಲೇಬೇಡಿ. ಓದಲಾಗಲಿಲ್ಲ ಅಂದ ಮಾತ್ರಕ್ಕೆ ಅಲ್ಲಿ ನಂಬರು ಇಲ್ಲ ಅಂತ ಅಲ್ಲ. ನಿಮ್ಮ ಒಸಿಆರ್‌ಗೆ ಕಾಣದ್ದು ಮನುಷ್ಯರಿಗೆ ಚೆನ್ನಾಗಿಯೇ ಕಾಣುತ್ತಿರಬಹುದು. ಸದಸ್ಯರಿಗೆ "ಹೊಳಪು ಬೀಳದ ಹಾಗೆ, ಕಾರ್ಡು ಪೂರ್ತಿ ತುಂಬುವ ಹಾಗೆ ಇನ್ನೊಂದು ಫೋಟೊ ಕಳಿಸಿ" ಅಂತ ಸಂದೇಶ ಹೋಗಲಿ.